ಹದಿನೈದು ನಿಮಿಷ ಆದ್ಮೇಲೆ ಆ ಸೀಟು ಯಾರದು?

ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯೋ ವಿದ್ಯೆ ನಮ್ಮ ನಾಡಿನಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಅದೇ ವಿದ್ಯೆ ನಮ್ಮ ಲೈಬ್ರರಿಯ ರೀಡಿಂಗ್ ರೂಮಿಗೂ ಬಂದಿತ್ತು. ಟವೆಲ್ ಬದಲು ಲ್ಯಾಬ್ ರೆಕಾರ್ಡ್, ನೀರಿನ ಬಾಟಲ್, ಹಳೇ ಕ್ಯಾಲ್ಕುಲೇಟರ್ ಕವರ್. ಇಂಟರ್ನಲ್ಸ್ ವಾರದಲ್ಲಿ ಬೆಳಗ್ಗೆ ಎಂಟಕ್ಕೆ ಒಬ್ಬ ಬಂದು ನಾಲ್ಕು ಟೇಬಲ್ಲಿಗೆ ನಾಲ್ಕು ನೋಟ್‌ಬುಕ್ ಇಟ್ಟು ಹೋದರೆ ಮುಗೀತು, ಮಧ್ಯಾಹ್ನದವರೆಗೆ ಆ ನಾಲ್ಕು ಸೀಟು ಅವನ ರೂಮ್‌ಮೇಟ್‌ಗಳದು. ಇದನ್ನ ನಿಲ್ಲಿಸೋಕೆ ಅಂತಲೇ ಈ ಸೆಮಿಸ್ಟರಿನಿಂದ ಸೀಟ್ ಬುಕಿಂಗ್ ಬಂದಿದೆ. ಎರಡೆರಡು ಗಂಟೆಯ ಸ್ಲಾಟ್. ಸ್ಲಾಟ್ ಶುರುವಾದ 15 ನಿಮಿಷದೊಳಗೆ ಟೇಬಲ್ ಮೇಲಿನ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಚೆಕ್-ಇನ್ ಆಗಬೇಕು. ಆಗದಿದ್ದರೆ ಬುಕಿಂಗ್ ತಾನಾಗೇ ರದ್ದು. ಮೂರು ಸಲ ಹೀಗಾದರೆ ಒಂದು ವಾರ ಬುಕ್ ಮಾಡೋ ಹಾಗಿಲ್ಲ.

ನಾವು ಈ ವ್ಯವಸ್ಥೆಯ ವಿರೋಧಿಗಳಲ್ಲ. ಬರದೇ ಇರೋರ ಸೀಟನ್ನ ಬಿಡಿಸಿ ಬಂದವರಿಗೆ ಕೊಡೋದು ನ್ಯಾಯವೇ. ಆದರೆ ಈಗಿನ ನಿಯಮ ಅರ್ಧ ಕೆಲಸ ಮಾತ್ರ ಮಾಡ್ತಿದೆ. ಸೀಟನ್ನ ಒಬ್ಬರಿಂದ ಕಿತ್ತುಕೊಳ್ಳೋದು ಅದಕ್ಕೆ ಗೊತ್ತು, ಇನ್ನೊಬ್ಬರಿಗೆ ಕೊಡೋದು ಗೊತ್ತಿಲ್ಲ. ಹಾಗಾಗಿ ಸಾಯಂಕಾಲ ನಾಲ್ಕೂವರೆಗೆ ರೀಡಿಂಗ್ ರೂಮಿಗೆ ಹೋದರೆ ಒಂದು ವಿಚಿತ್ರ ನೋಟ ಕಾಣುತ್ತೆ. ಒಳಗೆ ಖಾಲಿ ಕುರ್ಚಿಗಳು, ಹೊರಗೆ ಮೆಟ್ಟಿಲ ಮೇಲೆ ಕೂತು ಓದುತ್ತಿರೋ ಜನ, ಫೋನಲ್ಲಿ 'ಈ ಸ್ಲಾಟ್‌ನಲ್ಲಿ ಸೀಟು ಲಭ್ಯವಿಲ್ಲ' ಅನ್ನೋ ಸಾಲು. ಮೂರೂ ಒಟ್ಟಿಗೆ ನಿಜ ಆಗೋದು ಹೇಗೆ ಅನ್ನೋದನ್ನೇ ಇಲ್ಲಿ ಬಿಡಿಸಿ ನೋಡೋಣ ಅಂತ.

ಹದಿನೈದು ಅನ್ನೋ ಸಂಖ್ಯೆ ಎಲ್ಲಿಂದ ಬಂತು?

ಯಾರನ್ನ ಕೇಳಿದರೂ ಉತ್ತರ ಒಂದೇ: 'ಎಲ್ಲಾ ಕಡೆ ಹಾಗೇ ಇರುತ್ತಲ್ಲ.' ಕಾಲು ಗಂಟೆ ಅನ್ನೋದು ಬಾಯಿಗೆ ಸುಲಭ, ಅಷ್ಟೇ. ಆದರೆ ಗಡುವು ಎಷ್ಟಿರಬೇಕು ಅನ್ನೋದು ಶಿಸ್ತಿನ ಪ್ರಶ್ನೆ ಅಲ್ಲ, ಟೈಮ್ ಟೇಬಲ್ ಪ್ರಶ್ನೆ.

ನಮ್ಮ ನಾಲ್ಕರಿಂದ ಆರರ ಸ್ಲಾಟನ್ನೇ ತಗೊಳ್ಳಿ. ಮಧ್ಯಾಹ್ನದ ಲ್ಯಾಬ್ ಮುಗಿಯೋದು ನಾಲ್ಕಕ್ಕೆ. ಮುಗಿಯೋದು ಅಂದರೆ ಕಾಗದದ ಮೇಲೆ. ಆಮೇಲೆ ಕಾಂಪೊನೆಂಟ್ಸ್ ಎಣಿಸಿ ವಾಪಸ್ ಕೊಡಬೇಕು, ಅಬ್ಸರ್ವೇಶನ್ ಬುಕ್‌ಗೆ ಸೈನ್ ಹಾಕಿಸಿಕೊಳ್ಳೋಕೆ ಸಾಲಲ್ಲಿ ನಿಲ್ಲಬೇಕು. ಅಲ್ಲಿಗೆ ನಾಲ್ಕೂ ಎಂಟು. ಲ್ಯಾಬ್ ಬ್ಲಾಕಿನಿಂದ ಲೈಬ್ರರಿಗೆ ನಡೆದು, ಬಾಗಿಲಲ್ಲಿ ಬ್ಯಾಗ್ ಇಟ್ಟು, ಐಡಿ ಕಾರ್ಡ್ ತೋರಿಸಿ ಒಳಗೆ ಹೋಗಿ, ಬುಕ್ ಮಾಡಿದ ಸೀಟು ಹುಡುಕೋ ಹೊತ್ತಿಗೆ ನಾಲ್ಕೂ ಹದಿನೆಂಟೋ ಇಪ್ಪತ್ತೋ ಆಗಿರುತ್ತೆ. ಸೀಟು ಹೋಗಿರುತ್ತೆ, ಮೇಲೆ ಒಂದು ಕಪ್ಪು ಚುಕ್ಕೆ. ಅದೇ ಹಾಸ್ಟೆಲ್‌ನಲ್ಲಿ ಮಲಗಿದ್ದು ಎದ್ದು ಬಂದವರು ನಾಲ್ಕಕ್ಕೇ ಹಾಜರ್. ನಿಯಮ ಎಲ್ಲರಿಗೂ ಒಂದೇ ಅಂತ ಕಂಡರೂ ಪೆಟ್ಟು ಬೀಳೋದು ಆವತ್ತು ಲ್ಯಾಬ್ ಇದ್ದ ಬ್ಯಾಚಿಗೆ.

'ಹಾಗಾದರೆ ಸ್ಲಾಟನ್ನೇ ನಾಲ್ಕೂವರೆಗೆ ಶುರು ಮಾಡಿ' ಅಂತ ಕೆಲವರು ಹೇಳ್ತಾರೆ. ಅದರಲ್ಲೂ ತೊಡಕಿದೆ. ಕಾಲೇಜು ಬಸ್ ಹೊರಡೋದು ಆರಕ್ಕೆ. ಮನೆಯಿಂದ ಓಡಾಡೋ ಡೇ ಸ್ಕಾಲರ್‌ಗಳಿಗೆ ಸಂಜೆ ಸಿಗೋ ಸ್ಲಾಟ್ ಇದೊಂದೇ. ಅರ್ಧ ಗಂಟೆ ಮುಂದೂಡಿದರೆ ಅವರ ಅರ್ಧ ಗಂಟೆ ಹೋಯ್ತು. ಆದ್ದರಿಂದ ಸ್ಲಾಟ್ ಇದ್ದಲ್ಲೇ ಇರಲಿ, ಗಡುವು ಮಾತ್ರ ಆ ಒಂದು ಸ್ಲಾಟಿಗೆ ಬೇರೆ ಇರಲಿ ಅನ್ನೋದು ನಮ್ಮ ಮಾತು.

ಎಷ್ಟಿರಲಿ? ಇದನ್ನ ಲೆಕ್ಕ ಹಾಕಬಹುದು. ಕೆಳಗಿನ ಸಂಖ್ಯೆಗಳು ಲೆಕ್ಕದ ದಾರಿ ತೋರಿಸೋಕೆ ನಾವು ಹಿಡಿದುಕೊಂಡವು. ನಿಜವಾದವು ಲೈಬ್ರರಿಯ ಸರ್ವರ್‌ನಲ್ಲೇ ಇವೆ. ನಾಲ್ಕರ ಸ್ಲಾಟಿಗೆ 100 ಬುಕಿಂಗ್ ಆಗಿದೆ ಅಂದುಕೊಳ್ಳಿ. 62 ಜನ 4:15ರೊಳಗೆ ಬಂದರು. 17 ಜನ 4:15 ರಿಂದ 4:25ರ ನಡುವೆ ಬಂದರು. ಮೂವರು 4:25 ರಿಂದ 4:40ರ ನಡುವೆ. ಉಳಿದ 18 ಜನ ಬರಲೇ ಇಲ್ಲ.

ಗಡುವು 15 ನಿಮಿಷ ಇದ್ದರೆ 38 ಸೀಟು ಬಿಡುಗಡೆ ಆಗುತ್ತೆ. ಅದರಲ್ಲಿ 20 ಜನ ದಾರಿಯಲ್ಲೇ ಇದ್ದರು. ಅಂದರೆ 'ಬರದೇ ಇರೋರು' ಅಂತ ಸಿಸ್ಟಮ್ ಗುರುತು ಹಾಕಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಬರ್ತಾ ಇದ್ದವರೇ.

ಈಗ ಗಡುವನ್ನ 25 ನಿಮಿಷ ಮಾಡಿ. ನಷ್ಟ ಏನು? ಆ 38 ಸೀಟನ್ನ ಇನ್ನೂ ಹತ್ತು ನಿಮಿಷ ಕಾಯಿಸಿದ ಹಾಗಾಯ್ತು. ಹೆಚ್ಚೆಂದರೆ 380 ಸೀಟು-ನಿಮಿಷ ಖಾಲಿ. ಲಾಭ? 17 ಜನ ತಮ್ಮ ಸೀಟು ಉಳಿಸಿಕೊಂಡರು, ಒಬ್ಬೊಬ್ಬರೂ ಸುಮಾರು 100 ನಿಮಿಷ ಓದಬಹುದು. ಅಲ್ಲಿಗೆ 1700 ಸೀಟು-ನಿಮಿಷ.

ಇನ್ನೂ ಎಳೆದು 40 ನಿಮಿಷ ಮಾಡಿದರೆ? ಉಳಿದ 21 ಸೀಟು ಇನ್ನೊಂದು ಕಾಲು ಗಂಟೆ ಕಾಯಬೇಕು, ಹೆಚ್ಚೆಂದರೆ 315 ಸೀಟು-ನಿಮಿಷ. ಸಿಗೋದು ಮೂವರಿಗೆ ಹತ್ತಿರ ಹತ್ತಿರ ಒಂದೂವರೆ ಗಂಟೆ, ಸುಮಾರು 260. ಈಗ ನಷ್ಟವೇ ಜಾಸ್ತಿ. ಹಾಗಾಗಿ ಈ ಲೆಕ್ಕದಲ್ಲಿ 25 ಸರಿ, 15 ಕಮ್ಮಿ, 40 ಅತಿ.

ಇದಕ್ಕೆ ಒಬ್ಬರು ಸರಿಯಾದ ಆಕ್ಷೇಪ ಎತ್ತಬಹುದು. ಬಿಡುಗಡೆಯಾದ ಸೀಟಲ್ಲಿ ಬೇರೆ ಯಾರಾದರೂ ಕೂತರೆ ಆ 1700 ನಿಮಿಷ ಎಲ್ಲಿ ಹಾಳಾಯ್ತು? ಕೋಣೆಯ ಲೆಕ್ಕದಲ್ಲಿ ಹಾಳಾಗಲಿಲ್ಲ, ನಿಜ. ಆಗ ಉಳಿಯೋದು ನ್ಯಾಯದ ಪ್ರಶ್ನೆ: ಪ್ರತಿ ಸಲವೂ ಕಳೆದುಕೊಳ್ಳೋರು ಯಾಕೆ ಲ್ಯಾಬಿನವರೇ ಆಗಿರಬೇಕು? ಆದರೆ ಅದಕ್ಕಿಂತ ಮೊದಲು, ಆ ಸೀಟಲ್ಲಿ ಬೇರೆ ಯಾರಾದರೂ ಕೂರ್ತಿದ್ದಾರಾ? ಕೂರ್ತಿಲ್ಲ. ದೊಡ್ಡ ತೊಂದರೆ ಇರೋದೇ ಇಲ್ಲಿ.

ಬಿಡುಗಡೆಯಾದ ಸೀಟು ಹೋಗೋದೆಲ್ಲಿಗೆ

ನಮ್ಮ ಬುಕಿಂಗ್ ಪುಟ ಎರಡು ಗಂಟೆಯ ಪೂರ್ತಿ ಸ್ಲಾಟನ್ನ ಮಾತ್ರ ಮಾರುತ್ತೆ. ನಾಲ್ಕಕ್ಕೆ ಸ್ಲಾಟ್ ಶುರುವಾದ ಕೂಡಲೇ ಆ ಸ್ಲಾಟ್ ಪಟ್ಟಿಯಿಂದ ಮಾಯ. 4:15ಕ್ಕೆ ಸೀಟು ಬಿಡುಗಡೆ ಆದರೂ ಉಳಿದ ಒಂದು ಗಂಟೆ ನಲವತ್ತೈದು ನಿಮಿಷವನ್ನ ಬುಕ್ ಮಾಡೋಕೆ ಗುಂಡಿಯೇ ಇಲ್ಲ. ಇತ್ತ ಕೌಂಟರಿನಲ್ಲಿ ಕೂತವರು 'ಬುಕಿಂಗ್ ಇಲ್ಲದೆ ಕೂರೋ ಹಾಗಿಲ್ಲ' ಅಂತಾರೆ. ಅವರ ತಪ್ಪಲ್ಲ, ಅವರಿಗೆ ಹೇಳಿರೋದೇ ಅಷ್ಟು. ಹೀಗೆ ಸೀಟು ಯಾರದ್ದೂ ಅಲ್ಲದೆ ಆರರವರೆಗೆ ಅನಾಥವಾಗಿ ಇರುತ್ತೆ.

ಈ ಸಮಸ್ಯೆಯನ್ನ ನಮ್ಮ ರೈಲ್ವೆ ಯಾವತ್ತೋ ಎದುರಿಸಿದೆ. ಆರ್‌ಎಸಿ ಟಿಕೆಟ್‌ನಲ್ಲಿ ಸೈಡ್ ಲೋವರ್ ಬರ್ತನ್ನ ಇಬ್ಬರು ಹಂಚಿಕೊಂಡು ಕೂತು ಹೋಗಿರೋದು ನಮ್ಮಲ್ಲಿ ಬಹಳ ಜನರಿಗೆ ಅನುಭವ. ಬುಕ್ ಮಾಡಿದವರು ಹತ್ತಲಿಲ್ಲ ಅಂದರೆ ಟಿಟಿಇ ಅವರ ಹೆಸರಿನ ಮುಂದೆ ಬಂದಿಲ್ಲ ಅಂತ ಗುರುತು ಹಾಕಿ, ಆ ಬರ್ತನ್ನ ಆರ್‌ಎಸಿ ಸಾಲಿನಲ್ಲಿ ಮುಂದಿರೋರಿಗೆ ಕೊಡ್ತಾರೆ. ಈಗ ಅವರ ಕೈಯಲ್ಲಿ ಇದಕ್ಕೆಂದೇ ಒಂದು ಯಂತ್ರವೂ ಇರುತ್ತೆ. ಇಲ್ಲಿ ಗಮನಿಸಬೇಕಾದ ವಿಷಯ ಒಂದೇ. ಬರ್ತ್ ಸಿಗೋರು ಆಗಲೇ ಅದೇ ರೈಲಿನಲ್ಲಿ ಇದ್ದಾರೆ. ಮನೆಯಲ್ಲಿ ಕೂತವರಿಗೆ ಮೆಸೇಜ್ ಕಳಿಸಿ 'ಬರ್ತೀರಾ' ಅಂತ ಕಾಯಲ್ಲ.

ಲೈಬ್ರರಿಯಲ್ಲಿ ವೇಟಿಂಗ್ ಲಿಸ್ಟ್ ಇಡಬೇಕು ಅನ್ನೋರಿಗೆ ಈ ಮಾತು ಹೇಳಬೇಕು. ಬಿಡುಗಡೆಯಾದ ಸೀಟಿಗೆ ವೇಟಿಂಗ್ ಲಿಸ್ಟಿನ ಮೊದಲನೆಯವರಿಗೆ ಮೆಸೇಜ್ ಹೋಯ್ತು, ಅವರಿಗೆ ಹತ್ತು ನಿಮಿಷ ಸಮಯ ಕೊಟ್ಟೆವು ಅಂತಿಟ್ಟುಕೊಳ್ಳಿ. ಅವರು ಕ್ಯಾಂಟೀನಲ್ಲಿದ್ದಾರೆ, ನೋಡಲಿಲ್ಲ. ಎರಡನೆಯವರಿಗೆ ಇನ್ನೊಂದು ಹತ್ತು. ಅವರು ಆಗಲೇ ಬಸ್ ಹತ್ತಿದ್ದಾರೆ. ಮೂರನೆಯವರಿಗೆ ಮೆಸೇಜ್ ಹೋಗೋ ಹೊತ್ತಿಗೆ 15 ಜೊತೆಗೆ 20, ಒಟ್ಟು 35 ನಿಮಿಷ ಸೀಟು ಖಾಲಿ. 120 ನಿಮಿಷದ ಸ್ಲಾಟಿನಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಕೇಳೋದ್ರಲ್ಲೇ ಹೋಯ್ತು. ಬಾಗಿಲಲ್ಲಿ ನಿಂತಿರೋರು ನೋಡ್ತಾ ನಿಂತೇ ಇದ್ದಾರೆ.

ಆದ್ದರಿಂದ ಬಿಡುಗಡೆಯಾದ ಸೀಟಿಗೆ ವೇಟಿಂಗ್ ಲಿಸ್ಟ್ ಬೇಡ. ಯಾರು ಆ ಕುರ್ಚಿಯ ಪಕ್ಕ ನಿಂತಿದ್ದಾರೋ ಅವರೇ ಟೇಬಲ್ಲಿನ ಕೋಡ್ ಸ್ಕ್ಯಾನ್ ಮಾಡಲಿ, ಉಳಿದ ಸಮಯ ಅವರದು. ಬಾಗಿಲ ಹತ್ತಿರ ಒಂದು ಸ್ಕ್ರೀನಿನಲ್ಲಿ ಯಾವ ಸೀಟು ಬಿಡುವಾಗಿದೆ ಅಂತ ನಂಬರ್ ಬರಲಿ. ಫೋನ್ ಚಾರ್ಜ್ ಮುಗಿದವರು ಕೌಂಟರಿನಲ್ಲಿ ಐಡಿ ಕಾರ್ಡ್ ಕೊಟ್ಟು ಕೂರಲಿ. ಇದಕ್ಕೆ ಹೊಸ ಸಾಫ್ಟ್‌ವೇರ್ ಏನೂ ಬೇಡ, ಇರೋ ಬುಕಿಂಗ್‌ನಲ್ಲಿ 'ಈಗಿನಿಂದ ಸ್ಲಾಟ್ ಮುಗಿಯೋವರೆಗೆ' ಅನ್ನೋ ಒಂದು ಬಗೆ ಸೇರಿಸಿದರೆ ಸಾಕು.

ಗಡುವು ಮುಗಿದರೆ ಹಕ್ಕು ಹೋಗಲಿ, ಕುರ್ಚಿಗೆ ಬೀಗ ಬೀಳದಿರಲಿ

ಈಗ ಇನ್ನೊಂದು ಸೂಕ್ಷ್ಮ. ಈಗಿನ ಸಿಸ್ಟಮ್‌ನಲ್ಲಿ ಐದೈದು ನಿಮಿಷಕ್ಕೊಮ್ಮೆ ಒಂದು ಪ್ರೋಗ್ರಾಮ್ ಓಡಿ, ಗಡುವು ಮೀರಿದ ಬುಕಿಂಗ್‌ಗಳನ್ನೆಲ್ಲ ರದ್ದು ಮಾಡುತ್ತೆ ಅನ್ನೋದು ಬಳಸಿ ನೋಡಿದರೆ ಗೊತ್ತಾಗುತ್ತೆ. ಕೆಲವರಿಗೆ 4:17ಕ್ಕೂ ಚೆಕ್-ಇನ್ ಆಗುತ್ತೆ, ಇನ್ನು ಕೆಲವು ದಿನ 4:15 ದಾಟಿದ ಕೂಡಲೇ ಆಗಲ್ಲ. ರದ್ದಾದ ಮೇಲೆ ಆ ಸೀಟು ಖಾಲಿಯಿದ್ದರೂ ಅದೇ ಹುಡುಗಿ ಅದೇ ಕುರ್ಚಿಯಲ್ಲಿ ಕೂರೋ ಹಾಗಿಲ್ಲ. ಯಾರಿಗೂ ಬೇಡದ ಸೀಟನ್ನ ಬೇಕಾದವಳ ಕೈಯಿಂದ ತಪ್ಪಿಸಿದ ಹಾಗೆ.

ಸರಿಯಾದ ಅರ್ಥ ಹೀಗಿರಬೇಕು ಅಂತ ನಮಗೆ ಅನಿಸುತ್ತೆ. ಗಡುವಿನವರೆಗೆ ಸೀಟು ಬುಕ್ ಮಾಡಿದವರದು, ಬೇರೆ ಯಾರೂ ಮುಟ್ಟೋ ಹಾಗಿಲ್ಲ. ಗಡುವಿನ ನಂತರ ಮೊದಲು ಬಂದು ಸ್ಕ್ಯಾನ್ ಮಾಡಿದವರದು. ಆ ಮೊದಲು ಬಂದವರು ಬುಕ್ ಮಾಡಿದವರೇ ಆಗಿದ್ದರೂ ಸರಿ. ಹೀಗಿದ್ದರೆ ತಡವಾಗಿ ಬಂದವರು ಸೀಟು ಕಳೆದುಕೊಳ್ಳೋದು ಅದನ್ನ ನಿಜವಾಗಿ ಬೇಕು ಅನ್ನೋ ಇನ್ನೊಬ್ಬರು ಬಂದಾಗ ಮಾತ್ರ. ಮೇಲಿನ ಲೆಕ್ಕದಲ್ಲಿ 4:25 ದಾಟಿ ಬಂದ ಆ ಮೂವರಿಗೂ ಇದರಿಂದ ದಾರಿ ಸಿಗುತ್ತೆ, ಯಾರಿಗೂ ನಷ್ಟ ಇಲ್ಲ.

ಡಿಬಿಎಂಎಸ್ ಓದಿದವರು ಇಲ್ಲಿ ಒಂದು ಪ್ರಶ್ನೆ ಕೇಳ್ತಾರೆ. ಗಡುವು ಮುಗಿಯೋ ಕ್ಷಣದಲ್ಲೇ ಬುಕ್ ಮಾಡಿದವರೂ ಪಕ್ಕದಲ್ಲಿ ನಿಂತವರೂ ಒಟ್ಟಿಗೆ ಸ್ಕ್ಯಾನ್ ಮಾಡಿದರೆ? ಪ್ರೋಗ್ರಾಮ್ ಮೊದಲು 'ಸೀಟು ಖಾಲಿಯಿದೆಯಾ' ಅಂತ ಓದಿ, ಆಮೇಲೆ ಬೇರೆ ಹೆಜ್ಜೆಯಲ್ಲಿ ಬರೆಯೋ ಹಾಗಿದ್ದರೆ ಇಬ್ಬರಿಗೂ 'ನಿಮ್ಮದೇ' ಅಂತ ಬರಬಹುದು. ಒಂದೇ ಕುರ್ಚಿಗೆ ಇಬ್ಬರು ಬಂದು ಜಗಳ ಆಗೋದು ಹೀಗೆ. ಓದೋದನ್ನೂ ಬರೆಯೋದನ್ನೂ ಒಂದೇ ಸಾಲಿನಲ್ಲಿ ಕಟ್ಟಿದರೆ ಈ ತೊಂದರೆ ಇಲ್ಲ:

```sql
UPDATE bookings
SET status = 'CHECKED_IN'
WHERE id = 412
  AND status = 'BOOKED'
  AND now() < start_time + interval '25 minutes';
```

ಇದು ಬುಕ್ ಮಾಡಿದವರ ಕಡೆಯದು. ಡೇಟಾಬೇಸ್ '1 ಸಾಲು ಬದಲಾಯ್ತು' ಅಂದರೆ ಸೀಟು ಸಿಕ್ಕಿತು, '0' ಅಂದರೆ ಇಲ್ಲ. ಪಕ್ಕದಲ್ಲಿ ನಿಂತವರು ಸ್ಕ್ಯಾನ್ ಮಾಡಿದಾಗ ಅದೇ ಸಾಲಿನ ಮೇಲೆ ಉಲ್ಟಾ ಷರತ್ತು ಓಡುತ್ತೆ: ಸ್ಥಿತಿ ಇನ್ನೂ `BOOKED` ಇರಬೇಕು, ಸಮಯ 25 ನಿಮಿಷ ದಾಟಿರಬೇಕು, ಆಗ `RELEASED` ಮಾಡು. ಯಾರಿಗೆ 1 ಬಂತೋ ಅವರಿಗೆ ಮಾತ್ರ ಉಳಿದ ಸಮಯದ ಹೊಸ ಬುಕಿಂಗ್. ಇಬ್ಬರು ಒಟ್ಟಿಗೆ ಒತ್ತಿದರೂ ಡೇಟಾಬೇಸ್ ಆ ಸಾಲನ್ನ ಒಬ್ಬರ ನಂತರ ಒಬ್ಬರಿಗೆ ಕೊಡುತ್ತೆ, ಎರಡನೆಯವರು ಬರೋ ಹೊತ್ತಿಗೆ ಸ್ಥಿತಿ ಬದಲಾಗಿರುತ್ತೆ, ಅವರಿಗೆ 0. ತಡವಾಗಿ ಬಂದ ಬುಕಿಂಗ್‌ದಾರರೂ ಇದೇ ಎರಡನೇ ದಾರಿಯಲ್ಲಿ ಹೋಗ್ತಾರೆ. ಗಮನಿಸಿ, ಇಲ್ಲಿ ಐದು ನಿಮಿಷಕ್ಕೊಮ್ಮೆ ಓಡೋ ಪ್ರೋಗ್ರಾಮನ್ನ ಕಾಯೋ ಅಗತ್ಯವೇ ಇಲ್ಲ. ಗಡುವು ಅನ್ನೋದು ಷರತ್ತಿನೊಳಗೇ ಇದೆ. ಗಡಿಯಾರವೂ ಸರ್ವರ್‌ನದು, ನಮ್ಮ ಫೋನಿನದಲ್ಲ. ಫೋನಿನ ಟೈಮ್ ಹಿಂದೆ ಇಟ್ಟು ಆಟ ಆಡೋಕೂ ಆಗಲ್ಲ.

ಕ್ಯಾಂಟೀನಿಂದ ಚೆಕ್-ಇನ್

ಇಷ್ಟೆಲ್ಲ ಮಾಡಿದರೂ ಚೆಕ್-ಇನ್ ಸುಳ್ಳಾದರೆ ಎಲ್ಲ ವ್ಯರ್ಥ. ನಮ್ಮ ಟೇಬಲ್‌ಗಳ ಮೇಲಿರೋದು ಅಂಟಿಸಿದ ಸ್ಟಿಕರ್. ಅದರಲ್ಲಿರೋ ಕೋಡ್ ಇವತ್ತೂ ಅದೇ, ನಾಳೆಯೂ ಅದೇ. ಒಬ್ಬರು ಒಂದು ಸಲ ಫೋಟೋ ತೆಗೆದು ವಾಟ್ಸಾಪ್ ಗುಂಪಿಗೆ ಹಾಕಿದರೆ ಆ ಸೀಟಿಗೆ ಕ್ಯಾಂಟೀನಿಂದಲೂ ಚೆಕ್-ಇನ್ ಆಗಬಹುದು. ಇದು ನಡೀತಿದೆಯಾ ಅಂತ ಪತ್ತೆ ಹಚ್ಚೋದು ಕಷ್ಟವೇನಲ್ಲ. ನಿಜವಾಗಿ ನಡೆದು ಬರೋರು ಒಬ್ಬೊಬ್ಬರಾಗಿ ಬರ್ತಾರೆ, ಅವರ ಚೆಕ್-ಇನ್ ಸಮಯ ಅಲ್ಲಿಲ್ಲಿ ಚದುರಿರುತ್ತೆ. ಪ್ರತಿ ದಿನ ಸ್ಲಾಟ್ ತೆರೆದ ಮೊದಲ ನಿಮಿಷದಲ್ಲೇ ಚೆಕ್-ಇನ್ ಆಗೋ ಬುಕಿಂಗ್‌ಗಳ ಗುಂಪು ಕಂಡರೆ ಅನುಮಾನ ಪಡಬಹುದು. ಇನ್ನೂ ಖಚಿತ ಬೇಕಂದರೆ ಒಬ್ಬರು ಐದು ಗಂಟೆಗೆ ಕೋಣೆಯಲ್ಲಿ ತಲೆ ಎಣಿಸಿ, ಚೆಕ್-ಇನ್ ಸಂಖ್ಯೆ ಜೊತೆ ಹೋಲಿಸಲಿ. ಎರಡಕ್ಕೂ ಎಷ್ಟು ಅಂತರವೋ ಅಷ್ಟು ಕಳ್ಳಾಟ, ಇಲ್ಲವೇ ಅಷ್ಟು ಜನ ಎದ್ದು ಟೀ ಕುಡಿಯೋಕೆ ಹೋಗಿದ್ದಾರೆ.

ಇದಕ್ಕೆ ಪರಿಹಾರ ಅಂತ ಕೆಲವರು ಫೋನಿನ ಜಿಪಿಎಸ್ ನೋಡಿ ಅಂತಾರೆ. ಕಾಂಕ್ರೀಟ್ ಕಟ್ಟಡದೊಳಗೆ ಜಿಪಿಎಸ್ ಹತ್ತಾರು ಮೀಟರ್ ತಪ್ಪು ತೋರಿಸಬಹುದು. ರೀಡಿಂಗ್ ರೂಮಲ್ಲಿ ಇರೋರನ್ನ ಹೊರಗೆ, ಹೊರಗಿರೋರನ್ನ ಒಳಗೆ ಅನ್ನಬಹುದು. ಕ್ಯಾಮೆರಾ ಇಟ್ಟು ಮುಖ ಗುರುತಿಸಿ ಅನ್ನೋ ಸಲಹೆಯೂ ಬಂದಿದೆ. ಒಂದು ಕುರ್ಚಿಗೋಸ್ಕರ ಇಡೀ ದಿನ ನಮ್ಮ ಮುಖ ದಾಖಲಾಗೋದು ನಮಗೆ ಬೇಡ.

ನಮ್ಮಲ್ಲಿ ಆಗಲೇ ಇರೋ ಒಂದು ಸಾಧನ ಎಲ್ಲರೂ ಮರೆತಿದ್ದಾರೆ. ಲೈಬ್ರರಿ ಬಾಗಿಲಲ್ಲಿ ಐಡಿ ಕಾರ್ಡಿನ ಬಾರ್‌ಕೋಡ್ ಓದೋ ಸ್ಕ್ಯಾನರ್ ಇದೆ. ಒಳಗೆ ಹೋಗುವಾಗಲೂ ಹೊರಗೆ ಬರುವಾಗಲೂ ನಾವು ಕಾರ್ಡ್ ತೋರಿಸ್ತೀವಿ. ಬಾಗಿಲಲ್ಲಿ 'ಒಳಗೆ' ಅಂತ ದಾಖಲಾಗದೆ ಇರೋರಿಗೆ ಟೇಬಲ್ಲಿನ ಕೋಡ್ ಕೆಲಸ ಮಾಡಬಾರದು, ಅಷ್ಟೇ. ಫೋಟೋ ಯಾವ ಗುಂಪಿಗೆ ಹೋದರೂ ಪರವಾಗಿಲ್ಲ. ಇದಕ್ಕೂ ಒಂದು ಮಿತಿ ಇದೆ: ಗೆಳೆಯನ ಕೈಯಲ್ಲಿ ಕಾರ್ಡ್ ಕೊಟ್ಟು ಕಳಿಸಬಹುದು. ಆದರೆ ಬಾಗಿಲಲ್ಲಿ ಒಬ್ಬ ಮನುಷ್ಯ ಕೂತಿರ್ತಾರೆ, ಎರಡು ಕಾರ್ಡ್ ತೋರಿಸೋದು ಫೋಟೋ ಫಾರ್ವರ್ಡ್ ಮಾಡಿದಷ್ಟು ಸುಲಭ ಅಲ್ಲ.

ಇನ್ನೊಂದು ಬಗೆಯವರು ನಿಯತ್ತಾಗಿ ಬಂದು ಚೆಕ್-ಇನ್ ಮಾಡಿ, ಪುಸ್ತಕ ಹರಡಿ, ಒಂದೂವರೆ ಗಂಟೆ ಕಾಣೆಯಾಗೋರು. ಇದು ಮತ್ತೆ ಅದೇ ಹಳೇ ಟವೆಲ್. ಯಾವ ಆ್ಯಪಿಗೂ ಇದು ಕಾಣಲ್ಲ, ಯಾಕಂದರೆ ಆ್ಯಪ್ ಪರೀಕ್ಷೆ ಮಾಡೋದು ಮೊದಲ ಹದಿನೈದು ನಿಮಿಷವನ್ನ ಮಾತ್ರ. ಇದಕ್ಕೆ ಕಾಗದವೇ ಸಾಕು. ಅಟೆಂಡರ್ ಅಣ್ಣ ಒಂದು ಸುತ್ತು ಬಂದು, ಯಾರೂ ಇಲ್ಲದ ಟೇಬಲ್ ಮೇಲೆ ಆಗಿನ ಸಮಯ ಬರೆದ ಚೀಟಿ ಇಡಲಿ. ಮೂವತ್ತು ನಿಮಿಷದ ನಂತರದ ಸುತ್ತಿನಲ್ಲೂ ಚೀಟಿ ಹಾಗೇ ಇದ್ದರೆ ಪುಸ್ತಕ ಕೌಂಟರಿಗೆ, ಸೀಟು ಬಂದವರಿಗೆ. ಟೀ ಕುಡಿಯೋಕೆ, ಶೌಚಕ್ಕೆ, ಮನೆಗೆ ಒಂದು ಫೋನ್ ಮಾಡೋಕೆ ಮೂವತ್ತು ನಿಮಿಷ ಬೇಕಾದಷ್ಟಾಯ್ತು.

ರದ್ದು ಮಾಡೋರಿಗೆ ಶಿಕ್ಷೆ ಯಾಕೆ?

ಕೊನೆಯದಾಗಿ ಆ ಮೂರು ಚುಕ್ಕೆಗಳ ವಿಷಯ. ಈಗಿನ ನಿಯಮದಲ್ಲಿ ಸ್ಲಾಟಿಗೆ ಒಂದು ಗಂಟೆ ಮೊದಲು ರದ್ದು ಮಾಡಿದರೆ ಮಾತ್ರ ಚುಕ್ಕೆ ಇಲ್ಲ. ಅದಾದ ಮೇಲೆ ರದ್ದು ಮಾಡಿದರೂ ಚುಕ್ಕೆ, ಮಾಡದೆ ಸುಮ್ಮನಿದ್ದರೂ ಚುಕ್ಕೆ. ಈಗ ನೀವೇ ಯೋಚಿಸಿ. ಮೂರೂವರೆಗೆ ಎಕ್ಸ್‌ಟ್ರಾ ಕ್ಲಾಸ್ ಅಂತ ಗುಂಪಿಗೆ ಮೆಸೇಜ್ ಬಂತು. ನಾಲ್ಕರ ಸೀಟು ಬೇಡವಾಯ್ತು. ಫೋನ್ ತೆಗೆದು ರದ್ದು ಮಾಡೋಕೆ ಒಂದಾದರೂ ಕಾರಣ ಇದೆಯಾ? ಹೇಗಿದ್ದರೂ ಚುಕ್ಕೆ ಬೀಳುತ್ತೆ ಅಂದಮೇಲೆ ಯಾರೂ ಮಾಡಲ್ಲ. ಮಾಡಿದ್ದರೆ ಆ ಸೀಟು ಮೂರೂವರೆಗೇ ಬೇರೆಯವರಿಗೆ ಪೂರ್ತಿ ಎರಡು ಗಂಟೆ ಸಿಕ್ತಿತ್ತು. ಮಾಡದೆ ಇದ್ದದ್ದಕ್ಕೆ ಗಡುವಿನವರೆಗೆ ಖಾಲಿ.

ಚುಕ್ಕೆ ಯಾವುದಕ್ಕೆ ಬೀಳಬೇಕು ಅಂದರೆ, ಹೇಳದೆ ಬರದೇ ಇದ್ದುದಕ್ಕೆ. ಸ್ಲಾಟ್ ಶುರುವಾಗೋ ಕ್ಷಣದವರೆಗೂ ರದ್ದು ಮಾಡೋದು ಪುಕ್ಕಟೆ ಇರಲಿ. ಶುರುವಾದ ಮೇಲೆ, ಗಡುವಿನ ಒಳಗೆ ರದ್ದು ಮಾಡಿದರೂ ಚುಕ್ಕೆ ಬೇಡ, ಯಾಕಂದರೆ ಅದೂ ಸೀಟನ್ನ ಬೇಗ ಬಿಡಿಸುತ್ತೆ. ಸ್ಲಾಟಿಗೆ ಹದಿನೈದು ನಿಮಿಷ ಮೊದಲು ಒಂದು ಮೆಸೇಜ್ ಬರಲಿ, ಅದರಲ್ಲೇ 'ಬರ್ತಿಲ್ಲ' ಅನ್ನೋ ಗುಂಡಿ ಇರಲಿ, ಮತ್ತೆ ಲಾಗಿನ್ ಕೇಳದ ಹಾಗೆ. ತಡವಾಗಿ ಬಂದು ಸೀಟು ಕಳೆದುಕೊಂಡವರಿಗೂ ಚುಕ್ಕೆ ಬೇಡ. ಸೀಟು ಹೋದದ್ದೇ ಅವರಿಗೆ ಶಿಕ್ಷೆ, ಬಾಗಿಲ ದಾಖಲೆ ಅವರು ಬಂದದ್ದಕ್ಕೆ ಸಾಕ್ಷಿ.

'ಇಷ್ಟು ಸಡಿಲ ಬಿಟ್ಟರೆ ಹತ್ತು ಜನ ಹತ್ತು ಸ್ಲಾಟ್ ಬುಕ್ ಮಾಡಿ ಕೊನೆಗೆ ರದ್ದು ಮಾಡ್ತಾರೆ' ಅನ್ನೋದು ಲೈಬ್ರರಿಯವರ ಭಯ. ಭಯ ಸುಳ್ಳಲ್ಲ. ಅದಕ್ಕೆ ಮದ್ದು ರದ್ದಿಗೆ ದಂಡ ಹಾಕೋದಲ್ಲ, ಒಬ್ಬರ ಹೆಸರಿನಲ್ಲಿ ಒಮ್ಮೆಗೆ ಎಷ್ಟು ಮುಂಗಡ ಬುಕಿಂಗ್ ಇರಬಹುದು ಅನ್ನೋದಕ್ಕೆ ಮಿತಿ ಹಾಕೋದು. ಎರಡು ಇರಲಿ. ಒಂದು ಮುಗಿದ ಮೇಲೆ ಇನ್ನೊಂದು. ಹತ್ತು ಹಿಡಿದುಕೊಳ್ಳೋ ಮಾತೇ ಬರಲ್ಲ.

'ಆ್ಯಪ್ ಯಾಕೆ ಬೇಕು, ಮೊದಲು ಬಂದವರಿಗೆ ಮೊದಲು ಅಂತ ಬಿಟ್ಟುಬಿಡಿ' ಅನ್ನೋ ಗೆಳೆಯರೂ ನಮ್ಮಲ್ಲೇ ಇದ್ದಾರೆ. ಇಂಟರ್ನಲ್ಸ್ ಇಲ್ಲದ ದಿನಗಳಿಗೆ ಅವರ ಮಾತೇ ಸರಿ, ಆಗ ಅರ್ಧ ಕೋಣೆ ಖಾಲಿ ಇರುತ್ತೆ, ಬುಕಿಂಗ್ ಅನ್ನೋದು ಬರೀ ಅಡ್ಡಿ. ಆದರೆ ಇಂಟರ್ನಲ್ಸ್ ವಾರದಲ್ಲಿ 'ಮೊದಲು ಬಂದವರು' ಅಂದರೆ ಹತ್ತಿರ ಇರೋರು ಅಂತ ಅರ್ಥ. ಬೆಳಗ್ಗೆ ಆರಕ್ಕೆ ಮನೆ ಬಿಟ್ಟು ಎರಡು ಬಸ್ ಬದಲಿಸಿ ಬರೋರು ಯಾವತ್ತೂ ಮೊದಲು ಬರಲ್ಲ. ಅವರ ಮನೆಯಲ್ಲಿ ಓದೋಕೆ ಬೇರೆ ಕೋಣೆ ಇರುತ್ತೆ ಅಂತಲೂ ಇಲ್ಲ. ಸಂಜೆ ನಾಲ್ಕರಿಂದ ಆರರವರೆಗೆ ಸದ್ದಿಲ್ಲದ ಒಂದು ಟೇಬಲ್ ಅವರಿಗೆ ಸಿಗೋ ದಾರಿ ಬುಕಿಂಗ್ ಒಂದೇ. ಅದಕ್ಕೇ ನಾವು ಇದನ್ನ ಕಿತ್ತುಹಾಕಿ ಅನ್ನೋದಿಲ್ಲ, ಸರಿ ಮಾಡಿ ಅಂತೀವಿ. ಮೂರರಲ್ಲಿ ಒಂದು ಭಾಗ ಸೀಟನ್ನ ಬುಕಿಂಗ್‌ಗೆ ಕೊಡದೆ ಹಾಗೇ ಬಿಟ್ಟರೆ ಎರಡೂ ಬಗೆಯವರಿಗೆ ಜಾಗ ಇರುತ್ತೆ.

ಲೈಬ್ರರಿ ಕಮಿಟಿಯ ಮುಂದೆ ಮೊದಲು ಇಡೋ ಬೇಡಿಕೆ ಒಂದೇ. ಮುಂದಿನ ಇಂಟರ್ನಲ್ಸಿನ ಎರಡು ವಾರದ ಚೆಕ್-ಇನ್ ಸಮಯಗಳನ್ನ, ಬುಕ್ ಮಾಡಿದವರು ಬಾಗಿಲಲ್ಲಿ ದಾಖಲಾದ ಸಮಯಗಳನ್ನ, ಹೆಸರು ಮತ್ತು ಯುಎಸ್‌ಎನ್ ತೆಗೆದು, ಸ್ಲಾಟ್ ಪ್ರಕಾರ ನೋಟಿಸ್ ಬೋರ್ಡಿಗೆ ಹಾಕಿ. ನಾಲ್ಕರ ಸ್ಲಾಟಿನಲ್ಲಿ ಗಡುವು ದಾಟಿ ಎಷ್ಟು ಜನ ಬಾಗಿಲಿಗೆ ಬಂದರು, ಎಷ್ಟು ಜನ ಬರಲೇ ಇಲ್ಲ ಅನ್ನೋದು ಅದರಲ್ಲಿ ಕಾಣುತ್ತೆ. ಬಂದವರು ಕಮ್ಮಿ ಅಂತ ತೋರಿದರೆ ಹದಿನೈದೇ ಇರಲಿ, ನಾವು ಒಪ್ತೀವಿ. ಜಾಸ್ತಿ ಅಂತ ತೋರಿದರೆ ಬದಲಾಯಿಸೋದು ಸೆಟಿಂಗ್ಸ್‌ನಲ್ಲಿ ಒಂದೇ ಒಂದು ಸಂಖ್ಯೆ.